ಇಪ್ಪತ್ತೊಂದು ದಿನ, ಯಾವತ್ತಿನಿಂದ?

ಮಾತು ನಡೆದದ್ದು ಯಲಹಂಕದ ಒಂದು ಮನೆಯ ವರಾಂಡದಲ್ಲಿ. ಹಿರಿಯರು ರೈಲ್ವೆಯ ಸಿಬ್ಬಂದಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಕಿರಿಯಳು ಯಶವಂತಪುರದ ಕಡೆ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಎಚ್‌ಆರ್. ನೈಟ್ ಶಿಫ್ಟಿನಲ್ಲಿ ಯಂತ್ರ ಓಡುತ್ತಿರುವಾಗಲೇ ಮಲಗಿದ್ದ ಆಪರೇಟರ್ ಒಬ್ಬನ ಮೇಲೆ ಅಲ್ಲಿ ವಿಚಾರಣೆ ಮುಗಿದಿದೆ. ಆರೋಪ ಸಾಬೀತಾಗಿದೆ. ಒಂದು ವರ್ಷದ ಇನ್‌ಕ್ರಿಮೆಂಟ್ ತಡೆಹಿಡಿಯಬೇಕೆಂದು ತೀರ್ಮಾನವಾಗಿದೆ. ಅದನ್ನು ತಿಳಿಸುವ ಪತ್ರದ ಕರಡು ಅವಳ ಕೈಯಲ್ಲಿದೆ.

ಕಿರಿಯಳು: ಎರಡು ಪುಟ ಆಗಿದೆ ಸಾರ್. ಆರೋಪ ಏನು, ಸಾಕ್ಷಿ ಯಾರು, ವಿಚಾರಣಾಧಿಕಾರಿ ಏನು ಕಂಡುಕೊಂಡರು, ಶಿಕ್ಷೆ ಏನು, ಎಲ್ಲ ಇದೆ. ಅಪೀಲಿನ ವಿಷಯ ಕೊನೆಯಲ್ಲಿ ಒಂದೇ ವಾಕ್ಯ. ಓದಲಾ?

ಹಿರಿಯರು: ಅದನ್ನೇ ಮೊದಲು ಓದಮ್ಮ.

ಕಿರಿಯಳು: "ಈ ಆದೇಶದಿಂದ ಬಾಧಿತರಾದಲ್ಲಿ ತಾವು ಸ್ಥಾಯಿ ಆದೇಶಗಳ ಅನ್ವಯ ಈ ಪತ್ರದ ದಿನಾಂಕದಿಂದ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು."

ಹಿರಿಯರು: ಆ ಹುಡುಗ ನಾಳೆ ಬೆಳಿಗ್ಗೆ ಅರ್ಜಿ ಬರೆದುಕೊಂಡು ಬಂದ ಅಂತಿಟ್ಟುಕೋ. ಯಾರ ಟೇಬಲ್ಲಿನ ಮೇಲೆ ಇಡಬೇಕು?

ಕಿರಿಯಳು: ಎಚ್‌ಆರ್‌ಗೆ ಬರ್ತಾನೆ, ನಾವು ಹೇಳ್ತೀವಿ.

ಹಿರಿಯರು: ನಿಮ್ಮನ್ನು ಕೇಳಿ ತಿಳಿದುಕೊಳ್ಳಬೇಕು ಅನ್ನುವುದಾದರೆ ಪತ್ರ ಯಾಕೆ? ಅವನ ಮೇಲೆ ಚಾರ್ಜ್‌ಶೀಟ್ ಕೊಟ್ಟದ್ದೂ ನಿಮ್ಮ ಕಚೇರಿಯೇ. ಅಲ್ಲಿಗೇ ಬಂದು "ನಿಮ್ಮ ಮೇಲೆ ದೂರು ಕೊಡಬೇಕು, ಯಾರಿಗೆ ಕೊಡಲಿ" ಅಂತ ಕೇಳುವ ಧೈರ್ಯ ಎಷ್ಟು ಜನಕ್ಕಿರುತ್ತೆ? ಸರಿ, ನನಗೆ ಹೇಳು. ಆ ಸಕ್ಷಮ ಪ್ರಾಧಿಕಾರ ಯಾರು?

ಕಿರಿಯಳು: ಪ್ಲಾಂಟ್ ಹೆಡ್.

ಹಿರಿಯರು: ಈ ಪತ್ರಕ್ಕೆ ಸಹಿ ಹಾಕುವವರು?

ಕಿರಿಯಳು: ಅವರೇ... ಅಂದರೆ, ದೊಡ್ಡವರ ಸಹಿ ಇದ್ದರೆ ಪತ್ರಕ್ಕೆ ತೂಕ ಅಂತ ಹಾಗೆ ಮಾಡ್ತಾ ಬಂದಿದ್ದೇವೆ.

ಹಿರಿಯರು: ಅಲ್ಲಿಗೆ ಅಪೀಲು ಮುಗಿದ ಹಾಗೆ. ಕೊಟ್ಟವರೇ ಮತ್ತೆ ಕೂತು ತಾವು ಕೊಟ್ಟದ್ದು ಸರಿಯೇ ಅಂತ ನೋಡಬೇಕು. ಅಪೀಲು ಹಕ್ಕು ಉಳಿಯಬೇಕಾದರೆ ಮೊದಲು ಸಹಿಯನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಬೇಕಮ್ಮ. ಶಿಕ್ಷೆ ಕೊಡುವ ಅಧಿಕಾರ ನಿಮ್ಮ ಸ್ಥಾಯಿ ಆದೇಶದಲ್ಲಿ ಕಾರ್ಖಾನೆ ಮ್ಯಾನೇಜರಿಗೆ ಇದ್ದರೆ ಅವರೇ ಸಹಿ ಹಾಕಲಿ, ಮೇಲಿನವರು ಅಪೀಲಿಗೆ ಉಳಿಯಲಿ. ರೈಲ್ವೆಯಲ್ಲಿ ಯಾವ ದರ್ಜೆಯ ನೌಕರನಿಗೆ ಯಾರು ಎಷ್ಟರವರೆಗೆ ಶಿಕ್ಷೆ ಕೊಡಬಹುದು, ಅದರ ಮೇಲೆ ಅಪೀಲು ಯಾರಿಗೆ ಅಂತ ನಿಯಮದ ಜೊತೆಗೇ ಪಟ್ಟಿ ಇದೆ.

ಕಿರಿಯಳು: ರೈಲ್ವೆಗೆ ಮೆಟ್ಟಿಲು ಲೆಕ್ಕವಿಲ್ಲದಷ್ಟಿವೆ ಸಾರ್. ನಮ್ಮಲ್ಲಿ ಕಾರ್ಖಾನೆ ಮ್ಯಾನೇಜರ್, ಪ್ಲಾಂಟ್ ಹೆಡ್, ಮೇಲೆ ಡೈರೆಕ್ಟರುಗಳಾದ ಮಾಲೀಕರು. ಮ್ಯಾನೇಜರ್ ಏನೇ ಸಹಿ ಹಾಕಿದರೂ ಮೊದಲು ಪ್ಲಾಂಟ್ ಹೆಡ್‌ಗೆ ತೋರಿಸಿಯೇ ಹಾಕೋದು. ಹೆಸರಿಗೆ ಬೇರೆ ಬೇರೆ, ಅಷ್ಟೇ.

ಹಿರಿಯರು: ಹಾಗಾದರೆ ಪ್ಲಾಂಟ್ ಹೆಡ್ ಕೂಡ ಅಪೀಲು ಕೇಳುವಂತಿಲ್ಲ, ಮಾಲೀಕರಲ್ಲಿ ಒಬ್ಬರು ಕೇಳಬೇಕು. ಬ್ರಿಟನ್ನಿನಲ್ಲಿ ಏಕಾಸ್ ಅಂತ ಒಂದು ಸಂಸ್ಥೆ ಶಿಸ್ತು ಪ್ರಕರಣಗಳಿಗೆ ಸಂಹಿತೆ ಮಾಡಿಟ್ಟಿದೆ. ಸಾಧ್ಯವಿರುವ ಕಡೆಯೆಲ್ಲ ಪ್ರಕರಣದಲ್ಲಿ ಮೊದಲು ಕೈಹಾಕದ ಮ್ಯಾನೇಜರೇ ಅಪೀಲು ಕೇಳಬೇಕು ಅಂತ ಅದರಲ್ಲಿದೆ. ಸಣ್ಣ ಕಂಪನಿಗಳಿಗೆ ಕಷ್ಟ ಅಂತ ಅವರಿಗೂ ಗೊತ್ತು. ಅದಕ್ಕೇ "ಸಾಧ್ಯವಿರುವ ಕಡೆ" ಅಂದಿದ್ದಾರೆ.

ಕಿರಿಯಳು: ಆಯಿತು, ಹುದ್ದೆ ಬರೆಯುತ್ತೇನೆ. ಹೆಸರೂ ಬೇಕಾ?

ಹಿರಿಯರು: ಹುದ್ದೆ ಸಾಕು. ಹೆಸರು ಬರೆದರೆ ಅವರು ಬಿಟ್ಟುಹೋದ ದಿನ ಪತ್ರ ಹಳಸುತ್ತೆ. ಆದರೆ ಅರ್ಜಿ ಎಲ್ಲಿ ಕೊಡಬೇಕು, ಯಾರು ಸೀಲು ಹಾಕಿ ಸ್ವೀಕೃತಿ ಕೊಡುತ್ತಾರೆ ಅನ್ನುವುದನ್ನು ಬರೆ. ಟೈಮ್ ಆಫೀಸು ಅಂದರೆ ಟೈಮ್ ಆಫೀಸು ಅಂತ. ಈಗ ದಿನಾಂಕಕ್ಕೆ ಬಾ. 21 ದಿನ ಯಾವತ್ತಿನಿಂದ?

ಕಿರಿಯಳು: ಪತ್ರದ ದಿನಾಂಕದಿಂದ. ಅದೊಂದೇ ಜಗಳವಿಲ್ಲದ ದಿನಾಂಕ. ಕಾಗದದ ಮೇಲೆ ಅಚ್ಚಾಗಿರುತ್ತೆ.

ಹಿರಿಯರು: ನಿಮ್ಮ ಸ್ಥಾಯಿ ಆದೇಶದಲ್ಲಿ ಹಾಗೇ ಇದೆಯಾ?

ಕಿರಿಯಳು: "ಆದೇಶ ಸ್ವೀಕರಿಸಿದ ದಿನಾಂಕದಿಂದ" ಅಂತ ಇದೆ. ಹಳೆಯ ಪತ್ರಗಳಲ್ಲಿ ಹೀಗಿತ್ತು, ನಾನು ಅದನ್ನೇ ಇಳಿಸಿಕೊಂಡೆ.

ಹಿರಿಯರು: ಕೇಂದ್ರ ಸರ್ಕಾರದ 1946ರ ನಿಯಮಗಳ ಜೊತೆ ಬಂದ ಮಾದರಿ ಸ್ಥಾಯಿ ಆದೇಶದಲ್ಲೂ ಹಾಗೇ ಇತ್ತು: ಆದೇಶ ಕೈಸೇರಿದ 21 ದಿನಗಳೊಳಗೆ ಅಪೀಲು, ಅಪೀಲು ಪ್ರಾಧಿಕಾರ ಯಾರು ಅಂತ ಮಾಲೀಕರೇ ಗೊತ್ತುಮಾಡಬೇಕು, ಅಪೀಲು ಬಂದ 15 ದಿನಗಳೊಳಗೆ, ಕಾರ್ಮಿಕನ ಮಾತು ಕೇಳಿ, ಲಿಖಿತವಾಗಿ ಆದೇಶ ಕೊಡಬೇಕು. ಈಗ ಒಂದು ಲೆಕ್ಕ ಹಾಕೋಣ. ನಿಮ್ಮ ಪತ್ರದ ಮೇಲೆ ಜೂನ್ 3ನೇ ತಾರೀಖು ಇದೆ ಅಂತಿಟ್ಟುಕೋ. ಟೈಪಾಯಿತು, ಸಹಿಗೆ ಹೋಯಿತು. ಹುಡುಗ ಊರಿಗೆ ಹೋಗಿದ್ದ. ಅವನ ಕೈಗೆ ಪತ್ರ ಬಂದದ್ದು 10ನೇ ತಾರೀಖು. 28ಕ್ಕೆ ಅಪೀಲು ಕೊಟ್ಟ.

ಕಿರಿಯಳು: ಪತ್ರದ ಪ್ರಕಾರ 24ಕ್ಕೆ ಅವಧಿ ಮುಗಿಯಿತು.

ಹಿರಿಯರು: ಸ್ಥಾಯಿ ಆದೇಶದ ಪ್ರಕಾರ?

ಕಿರಿಯಳು: ಹತ್ತನೇ ತಾರೀಖು ಬಿಟ್ಟು ಎಣಿಸಿದರೆ... ಜುಲೈ 1ರವರೆಗೆ ಇದೆ.

ಹಿರಿಯರು: ಮೂರು ದಿನ ಮೊದಲೇ ಕೊಟ್ಟವನಿಗೆ ನೀವು ನಾಲ್ಕು ದಿನ ತಡ ಅಂತ ಅರ್ಜಿ ವಾಪಸ್ ಕೊಡುತ್ತೀರಿ. ಇದು ಮುಂದೆ ಲೇಬರ್ ಕಮಿಷನರ್ ಕಚೇರಿಗೆ ಹೋದರೆ ಅಲ್ಲಿ ಅವನು ಮಲಗಿದ್ದನೋ ಇಲ್ಲವೋ ಅನ್ನುವ ಮಾತು ಹಿಂದೆ ಸರಿಯುತ್ತೆ, ನಿಮ್ಮ ಪತ್ರ ಮುಂದೆ ಬರುತ್ತೆ. ಕೈಸೇರದ ಆದೇಶಕ್ಕೆ ಬಲವಿಲ್ಲ ಅನ್ನುವುದು ಹೊಸದೇನೂ ಅಲ್ಲ. ಪಂಜಾಬಿನ ಅಮರ್ ಸಿಂಗ್ ಹರಿಕಾ ಪ್ರಕರಣದಲ್ಲಿ 1966ರಲ್ಲೇ ಸುಪ್ರೀಂ ಕೋರ್ಟು ಹೇಳಿತು. ವಜಾ ಆದೇಶ ಬರೆದು ಫೈಲಿನಲ್ಲಿ ಇಟ್ಟುಕೊಂಡರೆ ಸಾಲದು, ನೌಕರನಿಗೆ ತಲುಪಿಸಬೇಕು.

ಕಿರಿಯಳು: ಒಪ್ಪಿದೆ. ಆದರೆ ನನ್ನ ಕಷ್ಟ ಕೇಳಿ. ಪತ್ರ ಟೈಪು ಮಾಡುವಾಗ ಅವನು ಯಾವತ್ತು ತಗೊಳ್ತಾನೆ ಅಂತ ನನಗೆ ಗೊತ್ತಿರಲ್ಲ. "ತಲುಪಿದ ದಿನದಿಂದ" ಅಂತ ಬರೆದರೆ ತಗೊಳ್ಳದೇ ಇರೋರು ಇದ್ದಾರೆ. ಗೇಟಿನಲ್ಲಿ ಪತ್ರ ತೋರಿಸಿದರೆ "ಯೂನಿಯನ್ನಿನವರನ್ನು ಕೇಳಿ ತಗೋತೀನಿ" ಅಂತ ಹೊರಟುಬಿಡ್ತಾರೆ. ಆಗ ಗಡುವು ಶುರುವಾಗೋದೇ ಇಲ್ಲ.

ಹಿರಿಯರು: ತೆಗೆದುಕೊಳ್ಳಲಿಲ್ಲ ಅಂದರೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಅವನು ಕೊಟ್ಟಿರುವ ಮನೆ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಕು. ನಿರಾಕರಿಸಿದವನಿಗೆ ಕಾಲ ನಿಲ್ಲಲ್ಲ. ಅದು ನಿಮ್ಮ ಫೈಲಿನ ಕೆಲಸ, ಪತ್ರದ ಕೆಲಸವಲ್ಲ. ನೆಟ್ಟಗೆ ತೆಗೆದುಕೊಳ್ಳುವ ಉಳಿದವರಿಗೆ ಏನು ಮಾಡುತ್ತೀಯ ಅನ್ನುವುದು ಪ್ರಶ್ನೆ.

ಕಿರಿಯಳು: ಒಂದು ಖಾಲಿ ಗೆರೆ ಬಿಡಬಹುದು. "ಅಪೀಲು ಸಲ್ಲಿಸಲು ಕೊನೆಯ ದಿನ" ಅಂತ ಅಚ್ಚು ಮಾಡಿ, ಪತ್ರ ಕೈಗೆ ಕೊಡುವಾಗ ಟೈಮ್ ಆಫೀಸಿನವರು ಎರಡೂ ಪ್ರತಿಯಲ್ಲಿ ತಾರೀಖು ತುಂಬಬೇಕು. ಅವನ ಸಹಿ ಅದರ ಕೆಳಗೇ ಬರಬೇಕು. 21 ಎಣಿಸುವ ಕೆಲಸ ಅವನಿಗೂ ಇಲ್ಲ, ಆಮೇಲೆ ಜಗಳ ನಮಗೂ ಇಲ್ಲ.

ಹಿರಿಯರು: ಇದು ನಮ್ಮ ರೈಲ್ವೆಗೂ ಹೊಳೆದಿರಲಿಲ್ಲ. ಅಂಚೆಯಲ್ಲಿ ಹೋಗುವ ಪತ್ರಕ್ಕೆ ಮಾತ್ರ "ಕೈಸೇರಿದ ದಿನದಿಂದ" ಅಂತ ಬಿಡು.

ಕಿರಿಯಳು: ರೈಲ್ವೆ ರೈಲ್ವೆ ಅಂತೀರಿ. ನಿಮ್ಮಲ್ಲಿ ಹೇಗೆ ಬರೀತಿದ್ದಿರಿ ಹೇಳಿ ನೋಡೋಣ.

ಹಿರಿಯರು: ಇಲ್ಲೇ ಯಲಹಂಕದ ರೈಲು ಗಾಲಿ ಕಾರ್ಖಾನೆಯವರೂ ರೈಲ್ವೆ ನೌಕರರೇ. ಅವರಿಗೆ ಅನ್ವಯಿಸುವುದು 1968ರ ರೈಲ್ವೆ ನೌಕರರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳು. ಶಿಕ್ಷೆ ವಿಧಿಸಿದ ನೋಟೀಸನ್ನು ಎಲ್ಲರೂ ಎನ್‌ಐಪಿ ಅಂತಾರೆ. ಅದರಲ್ಲಿ ಅಚ್ಚಾದ ಒಂದು ಪ್ಯಾರಾ ಇರುತ್ತೆ. 18ನೇ ನಿಯಮದಂತೆ ಈ ಆದೇಶದ ಮೇಲೆ ಇಂಥವರಿಗೆ ಅಪೀಲು ಹೋಗುತ್ತೆ, ಅಲ್ಲಿ ಹುದ್ದೆ ತುಂಬಬೇಕು. ಎರಡು ಷರತ್ತು. ಒಂದು, ಆದೇಶ ನಿಮಗೆ ತಲುಪಿದ 45 ದಿನಗಳೊಳಗೆ ಸಲ್ಲಿಸಬೇಕು. ಎರಡು, ಅಪೀಲಿನಲ್ಲಿ ಅನುಚಿತ ಅಥವಾ ಅಗೌರವದ ಭಾಷೆ ಇರಬಾರದು. ಯಾರಿಗೆ, ಎಷ್ಟು ದಿನ, ಯಾವತ್ತಿನಿಂದ. ಮೂರೂ ಬಂತು.

ಕಿರಿಯಳು: ಅಗೌರವದ ಭಾಷೆ! ಸಾರ್, ಆಗ ತಾನೇ ಸಂಬಳ ಕಟ್ಟಾದವನಿಗೆ ಕೊಡುವ ಪತ್ರದಲ್ಲಿ ಇದು ಬೇಕಿತ್ತಾ? ಅವನು ಓದೋದು ಹೇಗೆ ಗೊತ್ತಾ? "ಜಾಸ್ತಿ ಮಾತಾಡಿದರೆ ನಿನ್ನ ಅರ್ಜಿ ಕಸದ ಬುಟ್ಟಿಗೆ." ಸೂಪರ್‌ವೈಸರ್ ಸುಳ್ಳು ಹೇಳಿದ ಅಂತ ಬರೆಯೋಕೂ ಹೆದರುತ್ತಾನೆ. ಅದೇ ಅವನ ಮುಖ್ಯ ವಾದ ಆಗಿರಬಹುದು.

ಹಿರಿಯರು: ನಿಯಮದಲ್ಲೇ ಆ ಮಾತಿದೆ, 21ನೇ ನಿಯಮ. ಅದಕ್ಕೇ ಅಚ್ಚಿಗೆ ಬಂತು.

ಕಿರಿಯಳು: ಆ ನಿಯಮದಲ್ಲಿ ಅಷ್ಟೇನಾ ಇರೋದು?

ಹಿರಿಯರು: ಅಷ್ಟೇ ಅಲ್ಲ, ಇನ್ನೂ ಮೂರು ಇದೆ. ಅಪೀಲಿನ ಒಂದು ಪ್ರತಿಯನ್ನು ಶಿಕ್ಷೆ ಕೊಟ್ಟ ಅಧಿಕಾರಿಗೂ ಕಳಿಸಬೇಕು. ತಾನು ಹೇಳಬೇಕಾದ ಸಂಗತಿ, ವಾದ ಎಲ್ಲವೂ ಆ ಅರ್ಜಿಯಲ್ಲೇ ಪೂರ್ತಿಯಾಗಿ ಇರಬೇಕು. "ಉಳಿದದ್ದನ್ನು ಆಮೇಲೆ ಹೇಳುತ್ತೇನೆ" ಅನ್ನುವಂತಿಲ್ಲ. ಮತ್ತೆ, ಸ್ವಂತ ಹೆಸರಿನಲ್ಲಿ, ಸ್ವಂತ ಸಹಿಯಲ್ಲಿ ಕೊಡಬೇಕು. ವಕೀಲರೋ ಯೂನಿಯನ್ ಪದಾಧಿಕಾರಿಯೋ ಸಹಿ ಹಾಕಿ ಕಳಿಸಿದರೆ ಅದನ್ನು ಪರಿಗಣಿಸದೆ, ನಿನ್ನ ಸಹಿಯಲ್ಲೇ ಕೊಡು ಅಂತ ವಾಪಸ್ ಮಾಡುತ್ತಾರೆ.

ಕಿರಿಯಳು: ಆ ಮೂರೂ ನೋಟೀಸಿನಲ್ಲಿ ಬರುತ್ತಾ?

ಹಿರಿಯರು: ಇಲ್ಲ.

ಕಿರಿಯಳು: ನೋಡಿ! ಬೈಬೇಡ ಅನ್ನೋದು ಅಚ್ಚಾಯಿತು. ಅರ್ಜಿ ವಾಪಸ್ ಬರೋದಕ್ಕೆ ಕಾರಣವಾಗುವ ಸಹಿಯ ವಿಷಯ ಅಚ್ಚಾಗಲಿಲ್ಲ. ಯೂನಿಯನ್ ಸೆಕ್ರೆಟರಿ ಹತ್ತಿರ ಬರೆಸಿ, ಅವರದೇ ಸಹಿ ಹಾಕಿಸಿ ಕಳಿಸಿದವನ 45 ದಿನದಲ್ಲಿ ಎಷ್ಟು ದಿನ ಆ ಓಡಾಟಕ್ಕೇ ಹೋಯಿತು? ಅಧಿಕಾರಿಗೆ ಬೇಕಾದದ್ದು ಒಳಗೆ ಬಂತು, ಅವನಿಗೆ ಬೇಕಾದದ್ದು ಹೊರಗೆ ಉಳಿಯಿತು.

ಹಿರಿಯರು: ನೀನು ಹೇಳುವುದರಲ್ಲಿ ಹುರುಳಿದೆ. ಆದರೆ ಎಲ್ಲ ನಿಯಮವನ್ನೂ ತುಂಬಿದರೆ ಯಾರೂ ಓದಲ್ಲ ಅನ್ನುವುದೂ ಇತ್ತು. ಎರಡು ಷರತ್ತಾದರೆ ಕಣ್ಣಿಗೆ ಬೀಳುತ್ತೆ, ಹತ್ತಾದರೆ ಬೀಳಲ್ಲ.

ಕಿರಿಯಳು: ಹಾಗಾದರೆ ಅಳತೆ ಇದು. ಯಾವುದನ್ನು ತಪ್ಪಿದರೆ ಅರ್ಜಿ ಬಿದ್ದುಹೋಗುತ್ತೋ ಅದು ಪತ್ರದಲ್ಲಿ ಇರಲೇಬೇಕು. ಉಳಿದದ್ದು ಬೇಡ.

ಹಿರಿಯರು: ನಾನು ಇನ್ನೊಂದು ಸೇರಿಸುತ್ತೇನೆ. ಯಾವುದನ್ನು ಬರೆದರೆ ಅರ್ಜಿಗೆ ಉತ್ತರ ಕೊಡಲೇಬೇಕಾಗುತ್ತೋ ಅದನ್ನೂ ಹೇಳಬೇಕು. ನನ್ನ ಕೈಗೆ ಬರುತ್ತಿದ್ದ ಅಪೀಲುಗಳಲ್ಲಿ ತುಂಬಾ ಅರ್ಜಿಗಳು ಒಂದೇ ರಾಗ. "ಹೆಂಡತಿ ಮಕ್ಕಳಿದ್ದಾರೆ, ಕರುಣೆ ತೋರಿಸಿ, ಇನ್ನು ಮುಂದೆ ಹೀಗೆ ಮಾಡಲ್ಲ." ಅದನ್ನು ಓದಿ ಅಧಿಕಾರಿ ಬರೆಯುವುದು ಒಂದೇ ವಾಕ್ಯ: ಪರಿಶೀಲಿಸಲಾಗಿದೆ, ಹೊಸ ಅಂಶಗಳಿಲ್ಲ, ಶಿಕ್ಷೆ ಖಾಯಂ. ಆದರೆ 22ನೇ ನಿಯಮದಂತೆ ಅವರು ನೋಡಬೇಕಾದದ್ದು ಮೂರು ಪ್ರಶ್ನೆ. ವಿಚಾರಣೆ ಕ್ರಮಬದ್ಧವಾಗಿ ನಡೆಯಿತಾ? ದಾಖಲೆಯಲ್ಲಿರುವ ಸಾಕ್ಷ್ಯ ನೋಡಿದರೆ ಈ ತೀರ್ಮಾನಕ್ಕೆ ಬರಬಹುದಾ? ಶಿಕ್ಷೆ ತಪ್ಪಿಗೆ ತಕ್ಕಷ್ಟಿದೆಯಾ? ಈ ಮೂರನ್ನು ಪತ್ರದಲ್ಲೇ ಹೇಳಿದರೆ ಹುಡುಗ ಬೇರೆ ಥರ ಬರೆಯುತ್ತಾನೆ.

ಕಿರಿಯಳು: ಇಲ್ಲಿ ನಾನು ಒಪ್ಪಲ್ಲ. ಇದು ಎದುರು ಪಾರ್ಟಿಗೆ ನಾವೇ ವಾದ ಹೇಳಿಕೊಟ್ಟ ಹಾಗೆ. ಪತ್ರ ಕಂಪನಿಯದು. ವಿಚಾರಣೆ ಕ್ರಮಬದ್ಧವಾಗಿ ನಡೆದಿದೆ ಅಂತ ಮೇಲೆ ಬರೆದು, ಕೆಳಗೆ "ಕ್ರಮಬದ್ಧವಾಗಿ ನಡೆಯದಿದ್ದರೆ ತಿಳಿಸಿ" ಅಂದರೆ ನಮಗೇ ನಮ್ಮ ಮೇಲೆ ನಂಬಿಕೆ ಇಲ್ಲ ಅಂತ ಆಗಲ್ವಾ?

ಹಿರಿಯರು: ಅವನ ಪ್ರಕರಣವನ್ನೇ ತಗೋ. ನಿಮ್ಮ ವರದಿಯಲ್ಲಿ ಸಾಕ್ಷಿ ಯಾರು?

ಕಿರಿಯಳು: ಶಿಫ್ಟ್ ಸೂಪರ್‌ವೈಸರ್. ಮತ್ತೆ ಒಬ್ಬ ಸೆಕ್ಯುರಿಟಿ. ರಾತ್ರಿ 3 ಗಂಟೆಗೆ ನೋಡಿದ್ದು.

ಹಿರಿಯರು: ಹುಡುಗ ಏನಂದ?

ಕಿರಿಯಳು: ಸತತವಾಗಿ ಎರಡನೇ ಶಿಫ್ಟ್ ಮಾಡಿಸಿದ್ದರು, ಹಿಂದಿನ ಶಿಫ್ಟಿನ ಪಂಚ್ ನೋಡಿ ಅಂದ. ವಿಚಾರಣಾಧಿಕಾರಿ ಹಾಜರಾತಿ ದಾಖಲೆ ತರಿಸಿಲ್ಲ. ಆರೋಪಕ್ಕೆ ಸಂಬಂಧವಿಲ್ಲ ಅಂತ ಬಿಟ್ಟರು.

ಹಿರಿಯರು: ಕರುಣೆ ತೋರಿಸಿ ಅಂತ ಬರೆದರೆ ಆ ಹಾಜರಾತಿ ಯಾವತ್ತೂ ಹೊರಗೆ ಬರಲ್ಲ. "ಶಿಕ್ಷೆ ತಪ್ಪಿಗೆ ತಕ್ಕಷ್ಟಿದೆಯೇ ಎಂದು ಕೇಳಬಹುದು" ಅಂತ ಒಂದು ಸಾಲು ಇದ್ದರೆ ಅವನು ಬರೆಯುತ್ತಾನೆ: ಮಲಗಿದ್ದು ನಿಜ, ಆದರೆ ಸತತ ಎರಡನೇ ಶಿಫ್ಟಿನಲ್ಲಿ ನಿಂತಿದ್ದೆ, ದಾಖಲೆ ತರಿಸಿ. ಆಗ ಮೇಲಿನವರಿಗೆ ನೋಡಲು ಏನಾದರೂ ಸಿಗುತ್ತೆ. ನಿಮ್ಮ ಶಿಕ್ಷೆ ಉಳಿದರೂ ಗಟ್ಟಿಯಾಗಿ ಉಳಿಯುತ್ತೆ.

ಕಿರಿಯಳು: ಗಟ್ಟಿಯಾಗಿ ಉಳಿಯಬೇಕಾದರೆ ಆದೇಶಕ್ಕೆ ಕಾರಣ ಬರೆಯಬೇಕು. ನೀವು ಹೇಳಿದ ಒಂದು ವಾಕ್ಯದ "ಹೊಸ ಅಂಶಗಳಿಲ್ಲ" ಆದೇಶಕ್ಕೆ ಅರ್ಜಿ ಚೆನ್ನಾಗಿದ್ದರೂ ಏನು ಬಂತು?

ಹಿರಿಯರು: ಅದಕ್ಕೂ ಸುಪ್ರೀಂ ಕೋರ್ಟು ಬಡಿದಿದೆ. 1986ರ ರಾಮ್ ಚಂದರ್ ಪ್ರಕರಣ. ರೈಲ್ವೆಯವನೇ, ಕೆಲಸದಿಂದ ತೆಗೆದಿದ್ದರು. ರೈಲ್ವೆ ಮಂಡಳಿ ನಿಯಮದ ಪದಗಳನ್ನೇ ತಿರುಗಿಸಿ ಬರೆದು ಅಪೀಲು ವಜಾ ಮಾಡಿತ್ತು. ಹಾಗಲ್ಲ, ಅವನ ಮಾತು ಖುದ್ದಾಗಿ ಕೇಳಿ, ಕಾರಣ ಕೊಟ್ಟು ಆದೇಶ ಮಾಡಿ ಅಂತ ಕೋರ್ಟು ವಾಪಸ್ ಕಳಿಸಿತು. ಅದಾದ ಮೇಲೆ ನಾವು ಆದೇಶ ಬರೆಯುವ ರೀತಿಯೇ ಬದಲಾಯಿತು.

ಕಿರಿಯಳು: ಸರಿ, ಮೂರು ಪ್ರಶ್ನೆಗಳನ್ನು ಹಾಕುತ್ತೇನೆ. ಆದರೆ "ಇವುಗಳಲ್ಲಿ ಯಾವುದರ ಬಗ್ಗೆ ನಿಮ್ಮ ಆಕ್ಷೇಪ ಎಂದು ಬರೆಯಿರಿ" ಅಂತ, ನಾವು ತಪ್ಪಿದ್ದೇವೆ ಅನ್ನುವ ಧಾಟಿ ಇಲ್ಲದೆ. ಇನ್ನೊಂದು. ನಮ್ಮ ಯೂನಿಯನ್ನಿನವರು ಕೇಳ್ತಾರೆ, ಲೇಬರ್ ಕೋರ್ಟಿಗೆ ಹೋಗುವ ಹಕ್ಕನ್ನೂ ಪತ್ರದಲ್ಲೇ ಬರೆಯಿರಿ ಅಂತ.

ಹಿರಿಯರು: ಬರೆದರೆ ತಪ್ಪೇನು?

ಕಿರಿಯಳು: ತಪ್ಪು ಬರೆದುಬಿಡುತ್ತೇವೆ, ಅದೇ ತೊಂದರೆ. ನಮ್ಮ ಹಳೆಯ ಫೈಲು ನೋಡಿ. ಕರ್ನಾಟಕದಲ್ಲಿ 1988ರಿಂದ ಕೈಗಾರಿಕಾ ವಿವಾದ ಕಾಯ್ದೆಗೆ ರಾಜ್ಯದ್ದೇ ತಿದ್ದುಪಡಿ ಇತ್ತು. ಕೆಲಸದಿಂದ ತೆಗೆದ ಆದೇಶ ತಲುಪಿದ ಆರು ತಿಂಗಳೊಳಗೆ ಕಾರ್ಮಿಕ ನೇರವಾಗಿ ಲೇಬರ್ ಕೋರ್ಟಿಗೆ ಹೋಗಬಹುದಿತ್ತು. 2010ರ ಕೇಂದ್ರ ತಿದ್ದುಪಡಿ ಮೂರು ವರ್ಷ ಅಂದಿತು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂತು, ಈಗ ಎರಡು ವರ್ಷದ ಲೆಕ್ಕ. ಹಳೆಯ ಪತ್ರ ಇಳಿಸಿಕೊಳ್ಳುವ ಅಭ್ಯಾಸ ನಮ್ಮದು. ಯಾರೋ ಒಬ್ಬರು ಆರು ತಿಂಗಳು ಅಂತ ಹಾಗೇ ಬಿಟ್ಟರೆ, ಅದನ್ನು ನಂಬಿ ಕೈಬಿಟ್ಟವನಿಗೆ ಯಾರು ಹೊಣೆ? ಅದೂ ಅಲ್ಲದೆ, ಒಬ್ಬನೇ ಹೋಗಿ ಅದನ್ನು ಕೈಗಾರಿಕಾ ವಿವಾದ ಅನ್ನಿಸಿಕೊಳ್ಳುವ ದಾರಿ ಕೆಲಸದಿಂದ ತೆಗೆದ ಪ್ರಕರಣಗಳಿಗೆ. ಇವನದು ಇನ್‌ಕ್ರಿಮೆಂಟ್ ತಡೆ. ಇವನಿಗೆ ಆ ಸಾಲು ಬರೆದರೆ ಸುಳ್ಳು ಆಸೆ ಕೊಟ್ಟ ಹಾಗೆ.

ಹಿರಿಯರು: ಅದೇ ಕಾರಣಕ್ಕೆ ಇವನಿಗೆ ಒಳಗಿನ ಅಪೀಲು ಹೆಚ್ಚು ಬೆಲೆಯದ್ದು. ವಜಾ ಆದವನಿಗೆ ಕೋರ್ಟಾದರೂ ಇದೆ. ಇವನ ಪತ್ರದಲ್ಲಿ ಎಡವಿದರೆ ಇವನಿಗೆ ಮುಂದೆ ಯೂನಿಯನ್ನಿನ ಕೈ ಹಿಡಿಯದೆ ದಾರಿ ಕಷ್ಟ. ಸರಿಯಮ್ಮ, ಕೋರ್ಟಿನ ಸಾಲು ಬೇಡ. ಇಲ್ಲಿ ನಿನ್ನ ಮಾತೇ ಸರಿ. ರೈಲ್ವೆ ನೋಟೀಸಿನಲ್ಲೂ ಆಡಳಿತ ನ್ಯಾಯಮಂಡಳಿಯ ಪ್ರಸ್ತಾಪ ಇರಲಿಲ್ಲ. "ಕಾನೂನಿನಲ್ಲಿರುವ ಬೇರೆ ಹಕ್ಕುಗಳಿಗೆ ಇದರಿಂದ ಧಕ್ಕೆಯಿಲ್ಲ" ಅಂತ ಒಂದು ಸಾಲು ಸಾಕು.

ಕಿರಿಯಳು: ಈಗ ನಾನು ಕೇಳಬೇಕು ಅಂತಿದ್ದ ಪ್ರಶ್ನೆ. ನಿಮ್ಮಲ್ಲಿ ಅಪೀಲು ಹಾಕಿದವನಿಗೆ ಶಿಕ್ಷೆ ಜಾಸ್ತಿಯೂ ಆಗಬಹುದಲ್ವಾ?

ಹಿರಿಯರು: ಆಗಬಹುದು. ಖಾಯಂ ಮಾಡಬಹುದು, ಇಳಿಸಬಹುದು, ರದ್ದು ಮಾಡಬಹುದು, ಹೆಚ್ಚಿಸಲೂಬಹುದು. ಹೆಚ್ಚಿಸುವ ಮೊದಲು ಅವನಿಗೆ ನೋಟೀಸು ಕೊಟ್ಟು ಉತ್ತರ ಕೇಳಬೇಕು, ದೊಡ್ಡ ಶಿಕ್ಷೆಯಾದರೆ ವಿಚಾರಣೆಯೂ ಆಗಿರಬೇಕು.

ಕಿರಿಯಳು: ಅದು ನೋಟೀಸಿನಲ್ಲಿ ಅಚ್ಚಾಗಿರುತ್ತಿತ್ತಾ?

ಹಿರಿಯರು: ಇಲ್ಲ. ಅದು ಬೇಡ ಅನ್ನುವವನು ನಾನು. ನಿನ್ನ ಮಾತನ್ನೇ ನಿನಗೆ ಹೇಳುತ್ತೇನೆ. ಅಗೌರವದ ಭಾಷೆ ಅಂದದ್ದಕ್ಕೇ ಅವನು ಹೆದರುತ್ತಾನೆ ಅಂದೆ. "ನಿನ್ನ ಶಿಕ್ಷೆ ಹೆಚ್ಚಾಗಬಹುದು" ಅಂದರೆ ಎಷ್ಟು ಜನ ಅಪೀಲು ಹಾಕುತ್ತಾರೆ? ಹೆಚ್ಚಿಸುವುದು ಅಪರೂಪ. ಅಪರೂಪಕ್ಕೆ ಆಗುವುದನ್ನು ಮುಂದಿಟ್ಟು ಎಲ್ಲರನ್ನೂ ಓಡಿಸುವುದು ಸರಿಯಲ್ಲ.

ಕಿರಿಯಳು: ಹೇಳದೇ ಇದ್ದು, ಅವನು ನಂಬಿಕೆಯಿಂದ ಬಂದ ಮೇಲೆ ಹೆಚ್ಚಿಸಿದರೆ? ಅದು ಮೋಸ ಸಾರ್. ಅಪೀಲು ಹಾಕೋದೋ ಬೇಡವೋ ಅಂತ ತೂಗುವಾಗ ಅವನಿಗೆ ಬೇಕಾದ ಮೊದಲ ಸಂಗತಿ ಅದೇ. ಬ್ರಿಟನ್ನಿನಲ್ಲಿ 2014ರಲ್ಲಿ ಒಬ್ಬ ಆಸ್ಪತ್ರೆ ವೈದ್ಯೆಯ ಪ್ರಕರಣ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಿತ್ತು. ಆಕೆಗೆ ಕೊನೆಯ ಎಚ್ಚರಿಕೆ ಕೊಟ್ಟಿದ್ದರು, ಅಪೀಲು ಹಾಕಿದರೆ ಆ ಸಮಿತಿ ಶಿಕ್ಷೆಯನ್ನೇ ಮತ್ತೆ ತೂಗಲು ಹೊರಟಿತು. ಹೆಚ್ಚಿಸುವ ಅಧಿಕಾರ ನಿಮ್ಮ ಒಪ್ಪಂದದಲ್ಲಿ ಇಲ್ಲ, ಆಗಲ್ಲ ಅಂತು ಕೋರ್ಟು. ಅಪೀಲು ನೌಕರನ ರಕ್ಷಣೆಗೆ ಇರೋದು.

ಹಿರಿಯರು: ಅಲ್ಲಿ ಒಪ್ಪಂದದಲ್ಲಿ ಇರಲಿಲ್ಲ. ನಮ್ಮಲ್ಲಿ ನಿಯಮದಲ್ಲೇ ಇದೆ. ನಿಮ್ಮ ಸ್ಥಾಯಿ ಆದೇಶದಲ್ಲಿ?

ಕಿರಿಯಳು: "ಸೂಕ್ತವೆಂದು ತೋರಿದ ಆದೇಶ ಮಾಡಬಹುದು" ಅಂತ ಮಾತ್ರ ಇದೆ. ಅದರಲ್ಲಿ ಹೆಚ್ಚಿಸೋದೂ ಸೇರಿದೆ ಅಂತ ನಮ್ಮ ವಕೀಲರು, ಸೇರಿಲ್ಲ ಅಂತ ಯೂನಿಯನ್ನು. ಅದಕ್ಕೇ ನಾನು ಮ್ಯಾನೇಜ್‌ಮೆಂಟಿಗೆ ಹೇಳೋದು, ಹೆಚ್ಚಿಸಲ್ಲ ಅಂತ ತೀರ್ಮಾನ ಮಾಡಿ, ಅದನ್ನೇ ಪತ್ರದಲ್ಲಿ ಬರೆಯೋಣ. ಆಗದು ಅಂದರೆ ಹೆಚ್ಚಬಹುದು ಅಂತ ಬರೆಯೋಣ. ಎರಡರಲ್ಲಿ ಒಂದು.

ಹಿರಿಯರು: ಹೆಚ್ಚಿಸಲ್ಲ ಅಂತ ಬರೆದುಕೊಟ್ಟರೆ ಎಲ್ಲರೂ ಅಪೀಲು ಹಾಕುತ್ತಾರೆ. ಕಳೆದುಕೊಳ್ಳುವುದು ಏನೂ ಇಲ್ಲ.

ಕಿರಿಯಳು: ಹಾಕಲಿ ಬಿಡಿ. ಇಬ್ಬರು ಮೂವರ ಅರ್ಜಿ ಓದೋಕೆ ಡೈರೆಕ್ಟರಿಗೆ ಒಂದು ಬೆಳಗ್ಗೆ ಸಾಕು.

ಹಿರಿಯರು: ನಿಮ್ಮಲ್ಲಿ ಇಬ್ಬರು ಮೂವರು. ಸಾವಿರಾರು ಜನ ಇರುವ ಕಡೆ ಅದನ್ನು ಹೇಳಿ ನೋಡು. ಇದರಲ್ಲಿ ನಾನು ನಿನ್ನ ಜೊತೆ ಇಲ್ಲಮ್ಮ.

ಕಿರಿಯಳು: ಇರಲಿ. ಕನ್ನಡದ ವಿಷಯ ಹೇಳಿ. ಪತ್ರ ಇಂಗ್ಲಿಷಿನಲ್ಲೇ ಹೋಗೋದು ನಮ್ಮಲ್ಲಿ ರೂಢಿ. ಕನ್ನಡದಲ್ಲಿ ಬರೆದರೆ ಪದದ ವ್ಯತ್ಯಾಸಕ್ಕೆ ಜಗಳ ಬರುತ್ತೆ ಅಂತಾರೆ.

ಹಿರಿಯರು: 1946ರ ಸ್ಥಾಯಿ ಆದೇಶ ಕಾಯ್ದೆಯೇ ಆ ಆದೇಶಗಳನ್ನು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಗೇಟಿನ ಬಳಿ ಬೋರ್ಡಿಗೆ ಹಾಕಬೇಕು ಅಂದಿತ್ತು. ಬೋರ್ಡು ಕನ್ನಡದಲ್ಲಿ, ಶಿಕ್ಷೆ ಇಂಗ್ಲಿಷಿನಲ್ಲಿ ಅಂದರೆ ಏನು ನ್ಯಾಯ? ಎರಡು ಪುಟ ಇಂಗ್ಲಿಷಿನಲ್ಲಿ ಇರಲಿ ಬೇಕಾದರೆ. ಅಪೀಲಿನ ಪ್ಯಾರಾ ಮಾತ್ರ ಕನ್ನಡದಲ್ಲೂ ಇರಲಿ, ಅವನ ಮನೆಮಾತು ಹಿಂದಿಯೋ ತೆಲುಗೋ ಆದರೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳಿ. ಬರಿ ನೋಡೋಣ, ಇಲ್ಲೇ.

ಅವಳು ಬರೆದದ್ದು ಹೀಗಿತ್ತು. ಅವರು ಎರಡು ಕಡೆ ಪೆನ್ಸಿಲ್ಲಿನಿಂದ ತಿದ್ದಿದರು.

"ಈ ಆದೇಶವನ್ನು ನೀವು ಒಪ್ಪದಿದ್ದರೆ ಕಂಪನಿಯ ನಿರ್ದೇಶಕರಿಗೆ ಮೇಲ್ಮನವಿ ಸಲ್ಲಿಸಬಹುದು. ಈ ಪ್ರಕರಣದಲ್ಲಿ ಅವರು ಈ ಮೊದಲು ಭಾಗವಹಿಸಿಲ್ಲ. ಪತ್ರ ನಿಮ್ಮ ಕೈಸೇರಿದ ದಿನದಿಂದ 21 ದಿನಗಳ ಅವಕಾಶವಿದೆ. ಕೊನೆಯ ದಿನ: ______. ಅರ್ಜಿಯನ್ನು ಯಾವ ಭಾಷೆಯಲ್ಲಾದರೂ, ಕೈಬರಹದಲ್ಲಾದರೂ ಬರೆಯಬಹುದು. ಬೇರೆಯವರಿಂದ ಬರೆಸಿದರೂ ಸಹಿ ನಿಮ್ಮದೇ ಇರಬೇಕು. ಟೈಮ್ ಆಫೀಸಿನಲ್ಲಿ ಕೊಟ್ಟು ಸೀಲು ಹಾಕಿದ ಪ್ರತಿ ಪಡೆಯಿರಿ. ವಿಚಾರಣೆ ನಡೆದ ರೀತಿ, ಸಾಕ್ಷ್ಯ, ಶಿಕ್ಷೆಯ ಪ್ರಮಾಣ, ಇವುಗಳಲ್ಲಿ ಯಾವುದರ ಬಗ್ಗೆ ನಿಮ್ಮ ಆಕ್ಷೇಪ ಎಂದು ಬರೆಯಿರಿ. ಯಾವ ದಾಖಲೆ ನೋಡಬೇಕು ಎಂಬುದನ್ನೂ ತಿಳಿಸಿ. ಅರ್ಜಿ ಬಂದ 15 ದಿನಗಳೊಳಗೆ ನಿರ್ದೇಶಕರು ನಿಮ್ಮ ಮಾತು ಕೇಳಿ, ಕಾರಣ ಸಹಿತ ಲಿಖಿತ ಆದೇಶ ನೀಡುತ್ತಾರೆ. ಅಲ್ಲಿಯವರೆಗೆ ಈಗಿನ ಆದೇಶ ಜಾರಿಯಲ್ಲಿರುತ್ತದೆ. ಕಾನೂನಿನಲ್ಲಿರುವ ನಿಮ್ಮ ಬೇರೆ ಹಕ್ಕುಗಳಿಗೆ ಇದರಿಂದ ಧಕ್ಕೆಯಿಲ್ಲ. ವಿಚಾರಣಾ ವರದಿಯ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದೆ."

ಕಿರಿಯಳು: "ಆದೇಶ ಜಾರಿಯಲ್ಲಿರುತ್ತದೆ" ಅನ್ನೋದು ನೀವು ಸೇರಿಸಿದ್ದು. ಸ್ವಲ್ಪ ಗಡುಸಾಯಿತಲ್ವಾ?

ಹಿರಿಯರು: ಅಪೀಲು ಹಾಕಿದೆ, ಇನ್‌ಕ್ರಿಮೆಂಟ್ ಬರುತ್ತೆ ಅಂತ ಅವನು ಕೈಸಾಲ ಮಾಡಿಬಿಟ್ಟರೆ? ಇರುವುದನ್ನು ಹೇಳುವುದೇ ಒಳ್ಳೆಯದು.

ಕಿರಿಯಳು: ಅದೇ ನ್ಯಾಯದಲ್ಲಿ ಶಿಕ್ಷೆ ಹೆಚ್ಚಬಹುದೋ ಇಲ್ಲವೋ ಅನ್ನೋದನ್ನೂ ಹೇಳಬೇಕು.

ಹಿರಿಯರು: ಅದನ್ನು ನಿಮ್ಮ ಡೈರೆಕ್ಟರನ್ನು ಕೇಳಿಕೊಂಡು ಬಾ.

ಪ್ಯಾರಾದಲ್ಲಿ ಆ ಒಂದು ಸಾಲಿನ ಜಾಗ ಖಾಲಿಯೇ ಉಳಿಯಿತು. ಅದನ್ನು ತುಂಬುವ ಅಧಿಕಾರ ಅವರಿಬ್ಬರಿಗೂ ಇಲ್ಲ. ಅದು ಸ್ಥಾಯಿ ಆದೇಶದಲ್ಲಿ, ಇಲ್ಲವೇ ಸೇವಾ ನಿಯಮದಲ್ಲಿ ಮೊದಲೇ ತೀರ್ಮಾನವಾಗಬೇಕಾದ ಮಾತು. ಶಿಕ್ಷೆಯ ಪತ್ರಕ್ಕೆ ಸಹಿ ಹಾಕುವವರು ಹಳೆಯ ಪತ್ರವನ್ನು ಇಳಿಸಿಕೊಳ್ಳುವ ಮೊದಲು ತಮ್ಮ ನಿಯಮವನ್ನು ತೆರೆದು ನಾಲ್ಕು ಸಂಗತಿ ನೋಡಿಕೊಳ್ಳಲಿ: ಅಪೀಲು ಯಾರಿಗೆ, ದಿನ ಎಣಿಸುವುದು ಯಾವತ್ತಿನಿಂದ, ಯಾವ ಕಾರಣಕ್ಕೆ ಅರ್ಜಿ ತಿರಸ್ಕಾರವಾಗುತ್ತದೆ, ಮೇಲಿನವರು ಏನೇನು ಮಾಡಬಲ್ಲರು. ಈ ನಾಲ್ಕಕ್ಕೂ ಉತ್ತರ ನಿಯಮದಲ್ಲೇ ಸಿಗದಿದ್ದರೆ ಮೊದಲು ತಿದ್ದಬೇಕಾದದ್ದು ಆ ನಿಯಮವನ್ನು.